ಮದುವೆಯ ವಿಡಿಯೊ ಕರೆಯೋಲೆ: ಒಂದೇ ಮದುವೆಗೆ ಮೂರು ಬಗೆಯ ಸ್ಕ್ರಿಪ್ಟ್

ಹೋಲಿಸಿ ನೋಡಲು ಒಂದೇ ಮದುವೆಯ ವಿವರ ಇಟ್ಟುಕೊಂಡೆವು. ದಿನ 2027ರ ಏಪ್ರಿಲ್ 25, ಭಾನುವಾರ. ಬೆಳಿಗ್ಗೆ 10:40ರ ಮಿಥುನ ಲಗ್ನ. ಜಾಗ ಶಿವಮೊಗ್ಗ ಜಿಲ್ಲೆಯ ಸಾಗರ, ಬಿ.ಎಚ್. ರಸ್ತೆಯ ಒಂದು ಕಲ್ಯಾಣ ಮಂಟಪ. ಹೆಣ್ಣಿನ ಕಡೆಯವರು ಕರೆಯುವುದು. ನೆಂಟರು ಬೆಂಗಳೂರು, ಮೈಸೂರು, ಮುಂಬಯಿಯಲ್ಲಿ ಹರಡಿದ್ದಾರೆ. ಇದೇ ವಿವರವನ್ನು ಮೂರು ರೀತಿಯಲ್ಲಿ ಬರೆದು, ಓದಿಸಿ, ವಾಟ್ಸಾಪ್‌ನಲ್ಲಿ ಕಳಿಸಿ ನೋಡಿದ್ದರ ಫಲ ಇಲ್ಲಿದೆ.

ಮೊದಲನೆಯದು, ಅಚ್ಚಾದ ಲಗ್ನಪತ್ರಿಕೆಯನ್ನೇ ಹಿನ್ನೆಲೆಯಲ್ಲಿ ನಾದಸ್ವರ ಹಾಕಿ ಓದಿಸುವುದು. "ಸ್ವಸ್ತಿಶ್ರೀ ಶಾಲಿವಾಹನ ಶಕೆ 1949, ಪ್ಲವಂಗ ನಾಮ ಸಂವತ್ಸರ" ಎಂದು ಶುರುವಾಗಿ ಸುಖಾಗಮನಾಭಿಲಾಷಿಗಳ ಪಟ್ಟಿಯವರೆಗೆ ಹೋಗುತ್ತದೆ. ಕೇಳಲು ಗಂಭೀರ, ಹಿರಿಯರಿಗೆ ಇಷ್ಟ. ತೊಂದರೆ ಏನೆಂದರೆ ಮೂರು ನಿಮಿಷ ಹಿಡಿಯುತ್ತದೆ, ದಿನಾಂಕ ಬರುವುದರೊಳಗೆ ಕಿರಿಯರು ಮುಂದಕ್ಕೆ ಜರುಗಿಸಿರುತ್ತಾರೆ. ಪತ್ರಿಕೆಯ ವಾಕ್ಯ ಕಣ್ಣಿಗಾಗಿ ಬರೆದದ್ದು. ಕ್ರಿಯಾಪದ ಕೊನೆಗೆ ಬರುವ ಎಂಟು ಸಾಲಿನ ಒಂದೇ ವಾಕ್ಯವನ್ನು ಕಿವಿ ಹಿಡಿದಿಟ್ಟುಕೊಳ್ಳುವುದಿಲ್ಲ. ಇನ್ನೊಂದು ಎಡವಟ್ಟೂ ಇದೆ. ಪ್ರೆಸ್ಸಿನವರು ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ್ದರೆ, ಆ ಪಠ್ಯವನ್ನು ವಿಡಿಯೊ ಆ್ಯಪ್‌ಗೆ ಅಂಟಿಸಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿಸಿ, ಒತ್ತಕ್ಷರಗಳು ಬಿಡಿಬಿಡಿಯಾಗಿಲ್ಲವೇ ಎಂದು ಫೋನಿನಲ್ಲೇ ನೋಡಬೇಕು.

ಎರಡನೆಯದು, ಮನೆಯವರೇ ಮಾತಾಡಿ, ಕರೆಯುವುದರ ಜೊತೆಗೆ ದಾರಿ, ರೈಲು, ರೂಮು ಎಲ್ಲವನ್ನೂ ಒಂದೇ ವಿಡಿಯೊದಲ್ಲಿ ಹೇಳುವುದು. ಹೆಚ್ಚಿನವರು ಮಾಡಿಸುವುದು ಇದನ್ನೇ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಅಜ್ಜಿಯ ಮಾತಿನ ಬೆನ್ನಿಗೇ "ಸ್ಟೇಷನ್‌ನಿಂದ ಆಟೋ ಹಿಡಿದು" ಎಂದು ಬಂದರೆ ಕರೆಯುವ ದನಿ ಅಲ್ಲಿಗೇ ಮುರಿಯುತ್ತದೆ. ಅದಕ್ಕಿಂತ ದೊಡ್ಡ ದೋಷ, ಕರೆಯನ್ನು ಜನ ನೋಡುವುದು ಬಂದ ದಿನ. ದಾರಿಯನ್ನು ಹುಡುಕುವುದು ಟಿಕೆಟ್ ಮಾಡುವಾಗ ಮತ್ತು ಹೊರಡುವ ಬೆಳಿಗ್ಗೆ. ಆಗ ಎರಡು ನಿಮಿಷದ ವಿಡಿಯೊದಲ್ಲಿ ಆ ಹತ್ತು ಸೆಕೆಂಡು ಎಲ್ಲಿದೆ ಎಂದು ತಡಕಾಡುವ ಬದಲು ಹುಡುಗಿಯ ಅಪ್ಪನಿಗೇ ಫೋನ್ ಮಾಡುತ್ತಾರೆ. ವಿಡಿಯೊದೊಳಗೆ ಬರೆದ ಮ್ಯಾಪ್ ಕೊಂಡಿಯನ್ನು ಒತ್ತಲೂ ಆಗುವುದಿಲ್ಲ.

ಹಾಗಾಗಿ ನಮ್ಮ ಮತ ಮೂರನೆಯದಕ್ಕೆ: ಕರೆಗೆ ಒಂದು ಚಿಕ್ಕ ವಿಡಿಯೊ, ಪ್ರಯಾಣಕ್ಕೆ ಇನ್ನೊಂದು, ಅದರ ಕೆಳಗೆ ಒಂದು ಬರಹದ ಸಂದೇಶ. ಕೆಲಸ ಸ್ವಲ್ಪ ಹೆಚ್ಚು, ಫೋನ್ ಕರೆಗಳು ಬಹಳ ಕಡಿಮೆ.

ಕರೆಯ ಭಾಗ ಒಂದು ನಿಮಿಷದೊಳಗೆ ಮುಗಿಯಬೇಕು. ಹಿರಿಯರು ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ ತೊಂಬತ್ತು ಪದದ ಆಸುಪಾಸು ಹಿಡಿಯುತ್ತದೆ. ಉಸಿರಿಗೆ, ನಗುವಿಗೆ ಜಾಗ ಬಿಟ್ಟು ಅರವತ್ತು ಪದ ಬರೆದರೆ ಸಾಕು. ನಮ್ಮ ಸ್ಕ್ರಿಪ್ಟ್ ಹೀಗೆ ನಿಂತಿತು:

ಅಜ್ಜಿ: "ನಮಸ್ಕಾರ. ನಮ್ಮ ಮೊಮ್ಮಗಳ ಮದುವೆ ನಿಶ್ಚಯ ಆಗಿದೆ. ಮನೆಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೀಬೇಕಿತ್ತು. ದೂರದವರ ಮನೆಗೆಲ್ಲ ಬರೋಕೆ ಮಂಡಿ ನೋವು ಬಿಡ್ತಾ ಇಲ್ಲ. ಬೇಜಾರು ಮಾಡ್ಕೋಬೇಡಿ."

ಅಪ್ಪ: "ಏಪ್ರಿಲ್ ಇಪ್ಪತ್ತೈದು, ಭಾನುವಾರ. ಮುಹೂರ್ತ ಬೆಳಿಗ್ಗೆ ಹತ್ತು ನಲವತ್ತಕ್ಕೆ. ಸಾಗರದಲ್ಲಿ, ಬಿ.ಎಚ್. ರಸ್ತೆಯ ಕಲ್ಯಾಣ ಮಂಟಪ."

ಅಮ್ಮ: "ಆಗೋರು ಶನಿವಾರ ಸಂಜೆನೇ ಬನ್ನಿ, ಉಳ್ಕೊಳ್ಳೋಕೆ ರೂಮಿದೆ. ಮಕ್ಕಳನ್ನೂ ಕರ್ಕೊಂಡು ಬನ್ನಿ."

ಹುಡುಗಿ: "ದೊಡ್ಡಪ್ಪ, ದೊಡ್ಡಮ್ಮ, ಅತ್ತೆ, ಮಾವ, ಧಾರೆ ಹೊತ್ತಿಗೆ ನೀವೆಲ್ಲ ಅಲ್ಲಿರಬೇಕು."

ದಿನ, ಹೊತ್ತು, ಜಾಗ ಮೂರನ್ನೂ ಒಬ್ಬರೇ ಹೇಳಲಿ, ಅದೇ ಹೊತ್ತಿಗೆ ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರಲಿ, ನಾಲ್ಕೈದು ಸೆಕೆಂಡಾದರೂ ನಿಲ್ಲಲಿ. ವಾಟ್ಸಾಪ್ ವಿಡಿಯೊವನ್ನು ಕುಗ್ಗಿಸಿ ಕಳಿಸುವುದರಿಂದ ಸಣ್ಣ ಅಕ್ಷರಗಳ ಒತ್ತು ಮೊದಲು ಮಸುಕಾಗುತ್ತದೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ 1080 × 1920 ಅಳತೆ ಸಾಕು. ಒಂದು ತೆರೆಗೆ ಏಳೆಂಟು ಪದಕ್ಕಿಂತ ಹೆಚ್ಚು ಬೇಡ.

ಹುಡುಗಿಯ ಸಾಲು ಎಲ್ಲಕ್ಕಿಂತ ಸೂಕ್ಷ್ಮ. ಅಪ್ಪನ ಕಡೆಯವರಿಗೆ ಸರಿಹೋಗುವ ಪಟ್ಟಿಯನ್ನೇ ಅಮ್ಮನ ಕಡೆಗೂ ಕಳಿಸಿದರೆ "ಸೋದರಮಾವನ ಹೆಸರೇ ಇಲ್ಲ" ಎಂಬ ಮಾತು ಬರುತ್ತದೆ, ಬಂದೇ ಬರುತ್ತದೆ. ಕೊನೆಯ ಎಂಟು ಸೆಕೆಂಡನ್ನು ಮಾತ್ರ ಎರಡು ಬಗೆಯಲ್ಲಿ ತೆಗೆದು, ಎರಡು ಪ್ರತಿ ಮಾಡಿಟ್ಟುಕೊಳ್ಳುವುದು ಸುಲಭ. ಲಗ್ನಪತ್ರಿಕೆಯ ಶೈಲಿ ಪೂರ್ತಿ ಬೇಡವೆಂದಲ್ಲ: ಸಂವತ್ಸರದ ಸಾಲನ್ನು ಮೊದಲ ತೆರೆಯಲ್ಲಿ ಬರಹವಾಗಿ ತೋರಿಸಿದರೆ ಹಿರಿಯರಿಗೂ ಸಮಾಧಾನ.

ಮುಹೂರ್ತ ಬೆಳಗಿನ ಜಾವ ಇದ್ದರೆ ಮಾತ್ರ ಒಂದು ಎಚ್ಚರಿಕೆ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರು, ಕ್ಯಾಲೆಂಡರಿನ ದಿನ ನಡುರಾತ್ರಿಗೆ. ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆ ಪುರೋಹಿತರ ಲೆಕ್ಕದಲ್ಲಿ ಇನ್ನೂ ಶನಿವಾರ. ಅಂಥ ಕಡೆ "ಶನಿವಾರ ರಾತ್ರಿ ಕಳೆದು, ಭಾನುವಾರ ಬೆಳಗಿನ ಜಾವ" ಎಂದು ಬಾಯಿಬಿಟ್ಟು ಹೇಳಿಸದಿದ್ದರೆ ಕೆಲವರು ಊಟಕ್ಕೆ ಮಾತ್ರ ಸಿಗುತ್ತಾರೆ.

ಪ್ರಯಾಣದ ವಿಡಿಯೊಗೆ ಭಾವುಕತೆ ಬೇಡ. ಮನೆಯಲ್ಲಿ ಓಡಾಡುವ ಹುಡುಗ ಒಬ್ಬ ನಲವತ್ತು ಸೆಕೆಂಡಿನಲ್ಲಿ ಹೇಳಲಿ, ಎಲ್ಲಿಂದ ಬರುವವರಿಗೆ ಎಂಬುದರಿಂದಲೇ ಪ್ರತಿ ವಾಕ್ಯ ಶುರುವಾಗಲಿ. "ಮೈಸೂರು, ಬೆಂಗಳೂರಿನಿಂದ ಬರೋರು ಶನಿವಾರ ರಾತ್ರಿಯ ಮೈಸೂರು–ತಾಳಗುಪ್ಪ ರೈಲು ಹತ್ತಿ, ಭಾನುವಾರ ಬೆಳಿಗ್ಗೆ ಸಾಗರ ಜಂಬಗಾರು ಸ್ಟೇಷನ್‌ನಲ್ಲಿ ಇಳೀರಿ." ಸ್ಟೇಷನ್ನಿನ ಪೂರ್ತಿ ಹೆಸರು ಹೇಳಲು ಕಾರಣವಿದೆ. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇದೆ, ಬುಕಿಂಗ್ ತೆರೆಯಲ್ಲಿ ಅದು `SGO`. ನಮ್ಮದು `SRF`. ಈ ಮೂರಕ್ಷರ ತೆರೆಯ ಮೇಲೆ ಇರಲಿ. ಮುಂಬಯಿಯವರಿಗೆ ಕೊಂಕಣ ರೈಲ್ವೆಯ ಹೊನ್ನಾವರ ಹತ್ತಿರ, ಅಲ್ಲಿಂದ ಗೇರುಸೊಪ್ಪೆ ಘಾಟಿ ಹತ್ತಿ ಜೋಗ, ತಾಳಗುಪ್ಪ ಮೇಲೆ ಸಾಗರ. ಎಲ್ಲ ರೈಲೂ ಹೊನ್ನಾವರದಲ್ಲಿ ನಿಲ್ಲುವುದಿಲ್ಲವೆಂದು ಸೇರಿಸಿ. ಕಾರಿನವರಿಗೆ ಶಿವಮೊಗ್ಗದಿಂದ ಎಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು ಎಂದರೆ ಸಾಕು.

ರೈಲಿನ ಹೊತ್ತನ್ನು ವಿಡಿಯೊದಲ್ಲಿ ಹೇಳಿಸಬೇಡಿ. ವೇಳಾಪಟ್ಟಿ ಬದಲಾದರೆ ಮತ್ತೆ ತೆಗೆಯಬೇಕಾಗುತ್ತದೆ. ಅದು, ಮಂಟಪದ ಗೇಟಿಗೇ ಇಟ್ಟ ಮ್ಯಾಪ್ ಪಿನ್, ದಾರಿ ಕೇಳಲು ಒಬ್ಬರ ನಂಬರ್, ಇವೆಲ್ಲ ಬರಹದ ಸಂದೇಶಕ್ಕೆ. ಆ ಒಬ್ಬರು ಹುಡುಗಿಯ ಅಪ್ಪ ಆಗದಿರಲಿ.

ಕಳಿಸುವ ದಿನವೂ ಸ್ಕ್ರಿಪ್ಟಿನಷ್ಟೇ ಮುಖ್ಯ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಏಪ್ರಿಲ್ 24ರ ರಾತ್ರಿಯ ರೈಲಿಗೆ ಬುಕಿಂಗ್ ತೆರೆಯುವುದು ಫೆಬ್ರವರಿ 23ರ ಹೊತ್ತಿಗೆ. ಬೇಸಿಗೆ ರಜೆಯ ಶನಿವಾರ ರಾತ್ರಿ ಸ್ಲೀಪರ್ ಸೀಟು ಉಳಿಯುವುದಿಲ್ಲ. ಆದ್ದರಿಂದ ಎರಡೂ ವಿಡಿಯೊ ಫೆಬ್ರವರಿ ಮೂರನೇ ವಾರ ಒಟ್ಟಿಗೆ ಹೋಗಲಿ, ಪ್ರಯಾಣದ್ದನ್ನು ಮಾತ್ರ ಮದುವೆಗೆ ಮೂರು ದಿನ ಇರುವಾಗ ಹೊಸ ಸಂದೇಶದೊಂದಿಗೆ ಇನ್ನೊಮ್ಮೆ ಕಳಿಸಿ.