ನಗದು ಬಜೆಟ್: ಲಾಭದಿಂದ ಶುರು ಮಾಡೋದಾ, ಜಮಾ-ಖರ್ಚಿನಿಂದಾ?

ಎರಡೂ ವಿಧಾನಗಳನ್ನು ಒಂದೇ ಅಂಕಿಗಳ ಮೇಲೆ ಮಾಡಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಲೆಕ್ಕಕ್ಕೆ ಶಾಲಾ ಸಮವಸ್ತ್ರ ಹೊಲಿಯುವ ಒಂದು ಚಿಕ್ಕ ಘಟಕ ಇಟ್ಟುಕೊಳ್ಳೋಣ. ಮಾರಾಟ ಮಾರ್ಚ್‌ನಲ್ಲಿ 5 ಲಕ್ಷ, ಏಪ್ರಿಲ್ 10, ಮೇ 20, ಜೂನ್ 30, ಜುಲೈ 8. ಹಣದಲ್ಲಿ ಶೇ 40 ಅದೇ ತಿಂಗಳು, ಉಳಿದ ಶೇ 60 ಮರುತಿಂಗಳು ಬರುತ್ತದೆ. ಬಟ್ಟೆಯ ಖರ್ಚು ಮಾರಾಟದ ಅರ್ಧ. ಒಂದು ತಿಂಗಳು ಮೊದಲೇ ನಗದು ಕೊಟ್ಟು ತರಬೇಕು. ಕೂಲಿ, ಬಾಡಿಗೆ ತಿಂಗಳಿಗೆ 4 ಲಕ್ಷ, ಸವಕಳಿ ಅರ್ಧ ಲಕ್ಷ. ಏಪ್ರಿಲ್ 1ಕ್ಕೆ ಬ್ಯಾಂಕಿನಲ್ಲಿ 6 ಲಕ್ಷ.

ಲಾಭದಿಂದ ಶುರು ಮಾಡುವ ವಿಧಾನ ಬೇಗ ಮುಗಿಯುತ್ತದೆ. ಮೂರು ತಿಂಗಳ ಲಾಭ 16.5 ಲಕ್ಷ. ಸವಕಳಿ ನಗದಾಗಿ ಹೊರಹೋಗಿಲ್ಲ, ಅದರ 1.5 ಲಕ್ಷ ಕೂಡಿಸಿ. ಗಿರಾಕಿಗಳ ಬಾಕಿ 3ರಿಂದ 18 ಲಕ್ಷಕ್ಕೆ ಏರಿದೆ, 15 ಕಳೆಯಿರಿ. ಬಟ್ಟೆ ದಾಸ್ತಾನು 5ರಿಂದ 4ಕ್ಕೆ ಇಳಿದಿದೆ, 1 ಕೂಡಿಸಿ. ಉಳಿಯುವುದು 4, ಆರಂಭದ 6 ಸೇರಿದರೆ ಜೂನ್ ಕೊನೆಗೆ 10 ಲಕ್ಷ. ನೋಡಿದವರಿಗೆ ನಿಶ್ಚಿಂತೆ.

ಈಗ ಜಮಾ-ಖರ್ಚಿನ ವಿಧಾನ:

| ತಿಂಗಳು | ಜಮಾ | ಖರ್ಚು | ಕೊನೆಯ ಶಿಲ್ಕು |
|---|---|---|---|
| ಏಪ್ರಿಲ್ | 7 | 14 | −1 |
| ಮೇ | 14 | 19 | −6 |
| ಜೂನ್ | 24 | 8 | 10 |

ಕೊನೆಗೆ ಬಂದದ್ದು ಅದೇ 10. ಆದರೆ ಮೇ ತಿಂಗಳಲ್ಲಿ ಕೂಲಿ ಕೊಡಲು ಹಣವಿಲ್ಲ ಎಂಬುದು ಈ ಹಾಳೆಯಲ್ಲಿ ಮಾತ್ರ ಕಾಣುತ್ತದೆ. ದಿನದ ವ್ಯವಹಾರ ನಡೆಸಲು ನಾನು ಆರಿಸುವುದು ಇದನ್ನೇ. ಮೊದಲನೆಯದನ್ನು ತಾಳೆ ನೋಡಲು ಬಳಸಿ: ಎರಡೂ ಉತ್ತರ ಒಂದಾಗದಿದ್ದರೆ ಎಲ್ಲೋ ಬಾಕಿಯೋ ದಾಸ್ತಾನೋ ತಪ್ಪಿದೆ. ಹೆಚ್ಚಾಗಿ ಸಿಗುವ ತಪ್ಪು, ಸವಕಳಿಯನ್ನೂ ಖರ್ಚಿನ ಕಾಲಮ್ಮಿಗೆ ಹಾಕಿರುವುದು.

ಮೇಲಿನ ಅಂಕಿಗಳಲ್ಲಿ ಜಿಎಸ್‌ಟಿ ಬಿಟ್ಟಿದ್ದೇನೆ. ನಿಜವಾದ ಹಾಳೆಯಲ್ಲಿ ಬಿಡಬೇಡಿ. ತಿಂಗಳ ರಿಟರ್ನ್ ಹಾಕುವವರು ಮೇ ತಿಂಗಳ ಪೂರ್ತಿ ಬಿಲ್ಲಿನ ತೆರಿಗೆಯನ್ನು ಜೂನ್ 20ರೊಳಗೆ ಕಟ್ಟಬೇಕು, ಗಿರಾಕಿ ಹಣ ಕೊಟ್ಟಿರಲಿ ಬಿಡಲಿ. ವಸೂಲಿಯ ಪ್ರಕಾರ ತೆರಿಗೆ ಬರೆದರೆ ಕೊರತೆ ಮುಚ್ಚಿಹೋಗುತ್ತದೆ.

ಮಾಸ್ಟರ್ ಬಜೆಟ್‌ನಲ್ಲಿ ಈ ಹಾಳೆಯ ಜಾಗ ಮಾರಾಟ, ಉತ್ಪಾದನೆ, ಖರೀದಿ, ಕೂಲಿ, ಯಂತ್ರ ಖರೀದಿ ಬಜೆಟ್‌ಗಳ ನಂತರ, ಅಂದಾಜು ಬ್ಯಾಲೆನ್ಸ್ ಶೀಟ್‌ಗಿಂತ ಮೊದಲು. ಕೊರತೆಗೆ ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ತೆಗೆದರೆ ಅದರ ಬಡ್ಡಿ ಲಾಭ-ನಷ್ಟದ ಹಾಳೆಗೂ ಹೋಗಬೇಕು, ನಗದಿನ ಹಾಳೆಗೂ ಬರಬೇಕು. ಒಂದು ಕಡೆ ಮರೆತರೆ ಬ್ಯಾಲೆನ್ಸ್ ಶೀಟ್ ಅಷ್ಟೇ ಮೊತ್ತಕ್ಕೆ ತಾಳೆಯಾಗುವುದಿಲ್ಲ.

ಓವರ್‌ಡ್ರಾಫ್ಟ್ ಮಿತಿ 6 ಲಕ್ಷ ಸಾಕು ಅಂದುಕೊಳ್ಳಬೇಡಿ. ಏಪ್ರಿಲ್‌ನಿಂದ ಮಾರಾಟದ ಶೇ 40ರ ಬದಲು ಶೇ 30 ಮಾತ್ರ ಅದೇ ತಿಂಗಳು ಬಂದರೆ, ಲಾಭ ಒಂದು ರೂಪಾಯಿಯೂ ಬದಲಾಗದೆ ಮೇ ಕೊರತೆ 8 ಲಕ್ಷಕ್ಕೆ ಏರುತ್ತದೆ. ಕೈಯಲ್ಲಿ ಕನಿಷ್ಠ 2 ಲಕ್ಷ ಇರಬೇಕೆಂದರೆ ಮಾರ್ಚ್‌ನಲ್ಲೇ ಬ್ಯಾಂಕಿನಿಂದ ಕೇಳಬೇಕಾದ ಮಿತಿ 10 ಲಕ್ಷ.