ಬಯೋದಲ್ಲಿ ಯಾವ ಲಿಂಕ್? ನಾದಿನಿಯ ಬೊಟಿಕ್‌ನಲ್ಲಿ ನಾನು ಮಾಡಿ ನೋಡಿದ್ದು

ದಾವಣಗೆರೆಯಲ್ಲಿ ನನ್ನ ನಾದಿನಿ ಇಳಕಲ್ ಸೀರೆ, ಅದಕ್ಕೆ ಹೊಂದುವ ಬ್ಲೌಸ್ ಮಾರುತ್ತಾಳೆ. ಇನ್‌ಸ್ಟಾಗ್ರಾಂ ಖಾತೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಆರ್ಡರೆಲ್ಲ ವಾಟ್ಸ್‌ಆ್ಯಪ್‌ಗೇ ಬರಬೇಕು ಎಂಬುದು ಅವಳ ಹಟ. ಅದಕ್ಕಾಗಿ ನಾಲ್ಕು ದಾರಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ.

ಮೊದಲು ಎಲ್ಲರೂ ಮಾಡುವ ಹಾಗೆ ಬಯೋದಲ್ಲಿ ಫೋನ್ ನಂಬರ್ ಬರೆದೆವು. ಬಯೋಕ್ಕೆ ಸಿಗುವುದು 150 ಅಕ್ಷರ, ಅದರಲ್ಲಿ ನಂಬರೇ ಹತ್ತನ್ನು ನುಂಗಿತು. ಅದನ್ನು ಒತ್ತಿದರೆ ವಾಟ್ಸ್‌ಆ್ಯಪ್ ತೆರೆಯುವುದೂ ಇಲ್ಲ. ಗಿರಾಕಿ ನಂಬರ್ ಬರೆದುಕೊಂಡು, ಸೇವ್ ಮಾಡಿ, ಆಮೇಲೆ ಹುಡುಕಬೇಕು. ರಾತ್ರಿ ಹತ್ತು ಗಂಟೆಗೆ ರೀಲ್ ನೋಡುತ್ತ ಮಲಗಿದವರು ಇಷ್ಟೆಲ್ಲ ಮಾಡುವುದಿಲ್ಲ. ಈ ದಾರಿಯನ್ನು ಬೇಗ ಕೈಬಿಟ್ಟೆವು.

ಆಮೇಲೆ ಖಾತೆಯನ್ನು ಬಿಸಿನೆಸ್ ಖಾತೆ ಮಾಡಿ, ಪ್ರೊಫೈಲ್‌ನಲ್ಲಿ ವಾಟ್ಸ್‌ಆ್ಯಪ್ ನಂಬರ್ ಜೋಡಿಸಿದೆ. ಸಂಪರ್ಕದ ಬಟನ್ ಬಂತು. ಒತ್ತಿದರೆ ನೇರ ಚಾಟ್, ಹಾಗಾಗಿ ಬರುವ ಸಂದೇಶ ಹೆಚ್ಚಾಯಿತು. ಆದರೆ ಆ ಸಂದೇಶ ಹೀಗಿರುತ್ತಿತ್ತು: ‘ಅಕ್ಕಾ, ಆ ಹಸಿರು ಸೀರೆ ಎಷ್ಟು?’ ಆ ವಾರ ನಾವು ಹಾಕಿದ್ದ ಹಸಿರು ಸೀರೆಗಳೇ ಮೂರು. ‘ಯಾವ ಹಸಿರು?’ ಎಂದು ಇವಳು ಕೇಳುತ್ತಾಳೆ, ಅವರು ಸ್ಕ್ರೀನ್‌ಶಾಟ್ ಹುಡುಕುತ್ತಾರೆ, ಅಷ್ಟರಲ್ಲಿ ಅನ್ನಕ್ಕೆ ಇಟ್ಟ ಕುಕ್ಕರ್ ಕೂಗುತ್ತದೆ. ಚಾಟ್ ಅಲ್ಲಿಗೇ ನಿಲ್ಲುತ್ತದೆ. ಗಿರಾಕಿ ಕಳಿಸುವ ಮೊದಲ ಸಾಲನ್ನು ನಾವೇ ಬರೆದಿಡಲು ಆ ಬಟನ್‌ನಲ್ಲಿ ನನಗೆ ದಾರಿ ಕಾಣಲಿಲ್ಲ.

ಮೂರನೆಯದು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಲಿಂಕ್. ನೋಡಲು ಇದೇ ಚೆಂದ: ಚಿತ್ರ, ಬೆಲೆ ಎಲ್ಲ ಅಲ್ಲೇ, ಗಿರಾಕಿ ಆರಿಸಿ ಕಳಿಸಿದರೆ ಸಾಕು. ಕುರ್ತಿಯಂತಹ ಒಂದೇ ಮಾದರಿಯ ಐವತ್ತು ತುಂಡು ಇಟ್ಟವರಿಗೆ ನಾನು ಇದನ್ನೇ ಹೇಳುತ್ತೇನೆ. ನಮ್ಮದು ಒಂದು ಬಣ್ಣಕ್ಕೆ ಒಂದೇ ಸೀರೆ. ಮಾರಿದ ಕೂಡಲೇ ಕ್ಯಾಟಲಾಗ್‌ನಿಂದ ತೆಗೆಯದಿದ್ದರೆ ಇಲ್ಲದ ಸೀರೆಗೆ ಆರ್ಡರ್ ಬರುತ್ತದೆ. ಎರಡು ಸಲ ಬಂದು, ಕ್ಷಮೆ ಕೇಳಿದ್ದೂ ಆಯಿತು. ಬ್ಲೌಸಿನ ಅಳತೆಯನ್ನಂತೂ ಮತ್ತೆ ಬೇರೆಯಾಗಿ ಕೇಳಲೇಬೇಕು.

ಕೊನೆಗೆ ಉಳಿಸಿಕೊಂಡದ್ದು ಒತ್ತಿದರೆ ನಮ್ಮ ವಾಟ್ಸ್‌ಆ್ಯಪ್ ಚಾಟ್ ತೆರೆಯುವ ಸಾದಾ wa.me ಲಿಂಕ್. ಅದರ ಬಾಲಕ್ಕೆ ಸಂದೇಶವನ್ನು ಮೊದಲೇ ಕಟ್ಟಿಬಿಟ್ಟೆ:

```
https://wa.me/91XXXXXXXXXX?text=Order%0ASaree%20no:%0ABlouse%20size:%0APincode:
```

91ರ ನಂತರ ಹತ್ತು ಅಂಕಿ, ಅಷ್ಟೇ. ಮುಂದೆ ಪ್ಲಸ್ ಗುರುತಾಗಲಿ ಸೊನ್ನೆಯಾಗಲಿ, ನಡುವೆ ಗೆರೆಯಾಗಲಿ ಇರಬಾರದು. %20 ಎಂದರೆ ಖಾಲಿ ಜಾಗ, %0A ಎಂದರೆ ಹೊಸ ಸಾಲು. ಕನ್ನಡದಲ್ಲೇ ಬರೆಯುವ ಆಸೆ ನನಗಿತ್ತು. ಆದರೆ ಲಿಂಕ್‌ನೊಳಗೆ ಒಂದೊಂದು ಕನ್ನಡ ಅಕ್ಷರ, ಒಂದೊಂದು ಕಾಗುಣಿತದ ಚಿಹ್ನೆ, ಒತ್ತಕ್ಷರ ಕೂಡಿಸುವ ಒಂದೊಂದು ಅರ್ಧಾಕ್ಷರದ ಚಿಹ್ನೆ ಒಂಬತ್ತು ಗುರುತುಗಳಾಗಿ ಹಿಗ್ಗುತ್ತದೆ. ‘ನಮಸ್ಕಾರ’ ಒಂದೇ 63 ಗುರುತು. ಕನ್ನಡವೇ ಬೇಕೆಂದರೆ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಚಿಕ್ಕ ಲಿಂಕ್ ಮಾಡಿಕೊಳ್ಳುವ ಸೌಲಭ್ಯವಿದೆ; ಸಂದೇಶವನ್ನು ಅಲ್ಲೇ ಕನ್ನಡದಲ್ಲಿ ಬರೆದಿಡಬಹುದು.

ಲಿಂಕ್ ಒಂದೇ ಬದಲಿಸಿದರೆ ಸಾಲದು ಎಂದು ಆಮೇಲೆ ಗೊತ್ತಾಯಿತು. ಗಿರಾಕಿ ತುಂಬಲು ಸೀರೆಗೆ ನಂಬರ್ ಇರಬೇಕಲ್ಲ. ಈಗ ಪ್ರತಿ ಚಿತ್ರದ ಮೂಲೆಯಲ್ಲೇ 11, 12 ಎಂದು ಬರೆದು ಹಾಕುತ್ತೇವೆ. ಹೆಸರಿನ ಜಾಗದಲ್ಲಿ ಬೊಟಿಕ್ ಹೆಸರಿನ ಜೊತೆ ‘ಇಳಕಲ್ ಸೀರೆ ದಾವಣಗೆರೆ’ ಸೇರಿಸಿದೆ, ಏಕೆಂದರೆ ಹುಡುಕಾಟದಲ್ಲಿ ಆ ಸಾಲೂ ಲೆಕ್ಕಕ್ಕೆ ಬರುತ್ತದೆ. ಬಯೋ ಇಷ್ಟೇ: ‘ಇಳಕಲ್ ಸೀರೆ, ಬ್ಲೌಸ್ ಹೊಲಿಗೆ. ಊರೂರಿಗೆ ಕೊರಿಯರ್. ಸೀರೆ ನಂಬರ್ ನೋಡಿಕೊಂಡು ಕೆಳಗಿನ ಲಿಂಕ್ ಒತ್ತಿ.’ ಇನ್‌ಸ್ಟಾಗ್ರಾಂ ಐದು ಲಿಂಕ್‌ಗಳಿಗೆ ಜಾಗ ಕೊಡುತ್ತದೆ, ಆದರೆ ಎರಡನೆಯದನ್ನು ಹಾಕಿದೊಡನೆ ಅದು ಮೊದಲನೆಯದರ ಹಿಂದೆ ಅಡಗುತ್ತದೆ. ಅದಕ್ಕೆ ಒಂದೇ ಇಟ್ಟೆ. ಹಲವು ಲಿಂಕ್‌ಗಳನ್ನು ಒಂದೇ ಪುಟದಲ್ಲಿ ಜೋಡಿಸಿಕೊಡುವ ಸೇವೆಗಳನ್ನೂ ಇದೇ ಕಾರಣಕ್ಕೆ ಬಿಟ್ಟೆ. ಒತ್ತಬೇಕಾದ ಜಾಗ ಒಂದು ಹೆಚ್ಚಿದರೂ ದಾರಿಯಲ್ಲಿ ಜನ ಉದುರುತ್ತಾರೆ.

ಇದರಲ್ಲೂ ಕೊರತೆ ಇದೆ. ಕೆಲವು ಫೋನ್‌ಗಳಲ್ಲಿ ಲಿಂಕ್ ಇನ್‌ಸ್ಟಾಗ್ರಾಂ ಒಳಗೇ ಒಂದು ಪುಟ ತೆರೆದು, ಚಾಟ್‌ಗೆ ಹೋಗಲು ಇನ್ನೊಮ್ಮೆ ಒತ್ತಿಸುತ್ತದೆ. ಹಾಗಾಗಿ ಸ್ವಂತ ಫೋನ್‌ನಲ್ಲಷ್ಟೇ ನೋಡಿ ಸಮಾಧಾನಪಡದೆ, ಅತ್ತೆಯ ಹಳೆಯ ಮೊಬೈಲ್‌ನಲ್ಲೂ ಒತ್ತಿ ನೋಡಿದೆ. ಕೆಲವರು ಏನೂ ತುಂಬದೆ ಖಾಲಿ ಸಾಲುಗಳನ್ನೇ ಕಳಿಸುತ್ತಾರೆ. ಆದರೂ ‘Order’ ಎಂದು ಶುರುವಾದರೆ ಇನ್‌ಸ್ಟಾಗ್ರಾಂ ಗಿರಾಕಿ ಎಂದು ಗುರುತು ಸಿಗುತ್ತದೆ, ಏನು ಕೇಳಬೇಕೆಂಬುದೂ ಕಣ್ಣೆದುರೇ ಇರುತ್ತದೆ.

ಮೊನ್ನೆ ಶಿವಮೊಗ್ಗದಿಂದ ಒಂದು ಸಂದೇಶ ಬಂತು: 12, 36, 577201. ನಾದಿನಿ ಒಂದು ಪ್ರಶ್ನೆಯನ್ನೂ ಕೇಳದೆ ಒಟ್ಟು ಮೊತ್ತ ಕಳಿಸಿ, ಸೀರೆ ಮಡಿಸಲು ಎದ್ದಳು.