ಡಾಟ್ 3, ಡಾಟ್ 4, ಡಾಟ್ 5.1: ಮೂರೂ ಬ್ರೇಕ್ ಫ್ಲೂಯಿಡ್ ಓಡಿಸಿ ನೋಡಿದ ಮೇಲೆ

ನಂದಿ ಬೆಟ್ಟ ಇಳಿಯುವಾಗ ನನ್ನ ಹಳೇ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಯಿತು. ತಪ್ಪು ನನ್ನದೇ. ಮೂರನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುತ್ತಿದ್ದೆ. ಗಾಡಿ ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮತ್ತೆ ಗಟ್ಟಿ! ಆಯಿಲ್ ಸೋರಿದ್ದರೆ ಹಾಗೆ ತಾನಾಗೇ ಸರಿಹೋಗುವುದಿಲ್ಲ. ಒಳಗೆ ಫ್ಲೂಯಿಡ್ ಕುದ್ದು ಆವಿಯಾಗಿತ್ತು. ಆವಿ ಒತ್ತಿದರೆ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ತಣ್ಣಗಾದಾಗ ಆವಿ ಮತ್ತೆ ದ್ರವವಾಯಿತು, ಅಷ್ಟೇ.

ಆಗ ಇದ್ದದ್ದು ಡಾಟ್ 3, ಹಾಕಿಸಿ ಸುಮಾರು ನಾಲ್ಕು ವರ್ಷ. ಸರ್ವೀಸಿಗೆ ಬಿಟ್ಟಾಗಲೆಲ್ಲ ಮೇಲಷ್ಟು ತುಂಬಿ ಕಳಿಸುತ್ತಿದ್ದರು. ಹೊಸ ಡಾಟ್ 3 ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಬೇಕು. ಆದರೆ ಈ ಗ್ಲೈಕಾಲ್ ಫ್ಲೂಯಿಡ್ ರಬ್ಬರ್ ಹೋಸಿನ ಮೂಲಕವೂ, ಬಾನೆಟ್ ಕೆಳಗಿನ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಗಾಳಿಕಿಂಡಿಯಿಂದಲೂ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಉಪ್ಪು ಎಳೆದುಕೊಂಡ ಹಾಗೆ. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ.

ಜೆ.ಸಿ. ರೋಡಿನಲ್ಲಿ ಡಾಟ್ 4 ತಂದೆ. ಹೊಸದರಲ್ಲಿ 230, ನೀರು ಸೇರಿದ ಮೇಲೆ 155. ಮೆಕ್ಯಾನಿಕ್ ಪೆಡಲ್ ಕೆಳಗೆ ಮರದ ತುಂಡು ಇಟ್ಟರು. ಪೂರ್ತಿ ತಳಕ್ಕೆ ಒತ್ತಿದರೆ ಹಳೇ ಮಾಸ್ಟರ್ ಸಿಲಿಂಡರಿನ ಸೀಲ್ ಹರಿಯಬಹುದಂತೆ. ಹಿಂದಿನ ಎಡಚಕ್ರದಿಂದ ಶುರು, ಅದೇ ಮಾಸ್ಟರ್ ಸಿಲಿಂಡರಿಗೆ ದೂರದ್ದು. ನಾನು ಒತ್ತಿ ಹಿಡಿಯುವುದು, ಅವರು ನಿಪ್ಪಲ್ ಸಡಿಲಿಸಿ ಹಳೇದನ್ನು ಹೊರಬಿಟ್ಟು ಮತ್ತೆ ಬಿಗಿಯುವುದು. ಬಾಟಲಿಗೆ ಕಾಫಿ ಡಿಕಾಕ್ಷನ್ ತರಹದ್ದು ಬಂತು. ಆದರೆ ಬಣ್ಣ ನಂಬಬೇಡಿ. ತಿಳಿಯಾಗಿದ್ದರೂ ನೀರು ಇರಬಹುದು.

ಬಾಮೈದ ತನ್ನ ಕಾರಿಗೆ ಡಾಟ್ 5.1 ಹಾಕಿಸಿದ, 260 ಮತ್ತು 180. ವಾರಾಂತ್ಯಕ್ಕೆ ಇಸಕೊಂಡು ಅದೇ ಬೆಟ್ಟ ಇಳಿಸಿದೆ. ನಿಜ ಹೇಳಬೇಕೆಂದರೆ ನನ್ನ ಹೊಸ ಡಾಟ್ 4ಕ್ಕೂ ಅದಕ್ಕೂ ಪೆಡಲಿನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಹೆಸರು ನೋಡಿ ಡಾಟ್ 5 ಮಾತ್ರ ತರಬೇಡಿ. ಅದು ಸಿಲಿಕೋನ್, ಇವುಗಳ ಜೊತೆ ಬೆರೆಯುವುದಿಲ್ಲ.

ಲೆಕ್ಕ ನೋಡಿ: ಈಗಷ್ಟೇ ಹಾಕಿದ ಡಾಟ್ 3ರ 205, ತೇವ ಕುಡಿದ ಡಾಟ್ 5.1ರ 180ಕ್ಕಿಂತ ಮೇಲೆ. ದುಬಾರಿ ಡಬ್ಬಿ ಹಾಕಿಸಿ ಐದು ವರ್ಷ ಮರೆಯುವುದಕ್ಕಿಂತ ಕಂಪನಿ ಹೇಳಿದ ಡಾಟ್ 4 ಹಾಕಿಸಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದೇ ನನಗೆ ಜಾಸ್ತಿ ಸರಿ ಅನಿಸಿತು. ಪಟ್ಟಣದ ಟ್ರಾಫಿಕ್ಕಿನಲ್ಲಿ ಬ್ರೇಕ್ ಅಷ್ಟು ಕಾಯುವುದೇ ಇಲ್ಲ, ಹಾಗಾಗಿ ಹಳೇದಾಗಿದ್ದು ಬೆಟ್ಟದಲ್ಲೇ ಗೊತ್ತಾಗುವುದು.

ಬಾಮೈದ ಉಳಿದ ಅರ್ಧ ಡಬ್ಬಿಯನ್ನು "ಮುಂದಿನ ಸಲಕ್ಕೆ ಆಗುತ್ತೆ ಭಾವ" ಅಂತ ಶೆಲ್ಫಿನಲ್ಲಿಟ್ಟಿದ್ದ. ಸೀಲ್ ಒಡೆದ ಡಬ್ಬಿ ಅಲ್ಲೇ ಕೂತು ತೇವ ಕುಡಿಯುತ್ತದೆ ಅಲ್ವಾ? ಇಸಕೊಂಡು ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಸುರಿಸಿದೆ.